ಊಟಕ್ಕೆ ಮೊದಲು ಎಂದರೆ ಯಾವ ಊಟ?

ಮೆಡಿಕಲ್ ಶಾಪಿನವರು ಮಾತ್ರೆ ಹಾಕಿಕೊಡುವ ಕಂದು ಕವರಿನ ಮೇಲೆ ಎರಡು ಚೌಕಗಳಿರುತ್ತವೆ: ಊಟಕ್ಕೆ ಮೊದಲು, ಊಟದ ನಂತರ. ಯಾವುದಾದರೂ ಒಂದಕ್ಕೆ ಪೆನ್ನಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ 1-0-1 ಎಂದು ಬರೆದರೆ ಔಷಧದ ಬಗ್ಗೆ ರೋಗಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದಂತಾಯಿತು. ಯಾಕೆ ಎಂದು ಕೇಳಿದವರಿಗೆ ಸಿಗುವುದು ಒಂದೇ ಉತ್ತರ: 'ಇಲ್ದಿದ್ರೆ ಗ್ಯಾಸ್ ಆಗುತ್ತೆ'. ನಾನೂ ಬಹಳ ವರ್ಷ ಹೀಗೇ ಗೀಟು ಎಳೆದ ವೈದ್ಯ. ಈ ಎರಡು ಚೌಕಗಳ ಮೇಲೆ ನನಗೆ ನಂಬಿಕೆ ಹೋದದ್ದು ಒಬ್ಬ ತಾಯಿಯ ಥೈರಾಯ್ಡ್ ಮಾತ್ರೆಯಿಂದ.

ಐವತ್ತು ದಾಟಿದ ಆಕೆ ನನ್ನ ಬಳಿ ಬರುವ ಹೊತ್ತಿಗೆ ಥೈರಾಕ್ಸಿನ್ 75 ಮೈಕ್ರೋಗ್ರಾಂನಿಂದ 100ಕ್ಕೆ, ಅಲ್ಲಿಂದ 125ಕ್ಕೆ ಏರಿತ್ತು. ಆದರೂ ಟಿಎಸ್‌ಎಚ್ 9ರ ಆಸುಪಾಸಿನಲ್ಲೇ ನಿಂತಿತ್ತು. ಅದು ಸುಮಾರು 4ರ ಒಳಗಿರಬೇಕು. ಸುಸ್ತು, ಮಲಬದ್ಧತೆ ಹಾಗೇ ಇದ್ದವು. ಮಾತ್ರೆ ಬಿಡುತ್ತಿದ್ದೀರಾ ಎಂದು ಕೇಳಿದೆ. ಆಕೆಗೆ ಸಿಟ್ಟೇ ಬಂತು. 'ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ, ದಿನಾ ಖಾಲಿ ಹೊಟ್ಟೇಲೇ ತಗೋತೀನಿ.' ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀರಿ ಎಂದು ನಿಧಾನವಾಗಿ ಕೇಳುತ್ತಾ ಹೋದಾಗ ವಿಷಯ ಹೊರಬಿತ್ತು. ಐದೂವರೆಗೆ ಏಳುವುದು, ಡಿಕಾಕ್ಷನ್ ಇಳಿಸುವುದು, ಆ ಬಿಸಿ ಕಾಫಿಯಲ್ಲೇ ಮಾತ್ರೆ ನುಂಗುವುದು. ಮಂಡಿ ನೋವಿಗೆ ಬೇರೊಬ್ಬರು ಬರೆದ ಕ್ಯಾಲ್ಸಿಯಂ ಮಾತ್ರೆಯನ್ನೂ ಮರೆಯದಿರಲೆಂದು ಅದರ ಜೊತೆಗೇ. ಕಾಫಿಯನ್ನು ಆಕೆ ಆಹಾರದ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ನಮ್ಮ ಮನೆಗಳಲ್ಲಿ ಯಾರು ತಾನೇ ಹಿಡಿಯುತ್ತಾರೆ? ತಿಂಡಿ ಬೇರೆ, ಊಟ ಬೇರೆ, ಕಾಫಿ ಎರಡೂ ಅಲ್ಲ. 'ಊಟಕ್ಕೆ ಮೊದಲು' ಎಂಬ ಗೀಟನ್ನು ನಂಬಿ, ಇಡ್ಲಿ ತಿಂದು, ಮಧ್ಯಾಹ್ನ ಒಂದು ಗಂಟೆಗೆ ಅನ್ನ ಸಾರಿನ ಎಲೆ ಮುಂದೆ ಕೂತು ಥೈರಾಯ್ಡ್ ಮಾತ್ರೆ ನುಂಗುವವರನ್ನೂ ಆಮೇಲೆ ನೋಡಿದ್ದೇನೆ. ಚೀಟಿ ಬರೆದವರ ತಲೆಯಲ್ಲಿದ್ದದ್ದು 'ಆಹಾರ', ಓದಿದವರಿಗೆ ಕಂಡದ್ದು 'ಊಟ'.

ಆಕೆಗೆ ನಾನು ಹೇಳಿದ ಕಾರಣ ಇಷ್ಟು. ಥೈರಾಕ್ಸಿನ್ ಹೊಟ್ಟೆಯ ಆಮ್ಲದಲ್ಲಿ ಕರಗಿ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಪೂರ್ತಿ ಸೇರುವುದಿಲ್ಲ. ಕಾಫಿ ಆ ಪಾಲನ್ನು ಇನ್ನಷ್ಟು ತಗ್ಗಿಸುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಂತೂ ಕರುಳಿನಲ್ಲೇ ಅದನ್ನು ಹಿಡಿದುಕೊಂಡು ಹೊರಗೆ ಸಾಗಿಸಿಬಿಡುತ್ತವೆ. 500 ಮಿಲಿಗ್ರಾಂ ಕ್ಯಾಲ್ಸಿಯಂ ಎಂದರೆ 125 ಮೈಕ್ರೋಗ್ರಾಂ ಥೈರಾಕ್ಸಿನ್‌ನ 4000 ಪಟ್ಟು. ಜಾತ್ರೆಯ ಜನಜಂಗುಳಿಯಲ್ಲಿ ಕೈ ಬಿಟ್ಟ ಮಗುವಿನ ಸ್ಥಿತಿ ಅದರದು. ಹಾಗಾಗಿ ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ ನಾಲ್ಕು ಗಂಟೆಯಾದರೂ ದೂರ ಇರಬೇಕು. ಆಕೆ ನುಂಗುತ್ತಿದ್ದ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಊಟದ ಹೊತ್ತಿನ ಆಮ್ಲವೇ ಅನುಕೂಲ, ಆದ್ದರಿಂದ ಅದು ಮಧ್ಯಾಹ್ನದ ಊಟದ ಜೊತೆಗೆ ಹೋಯಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಷ್ಟು ದಿನ ಪೋಲಾಗುತ್ತಿದ್ದ ಔಷಧ ಈಗ ರಕ್ತಕ್ಕೆ ಸೇರತೊಡಗಿತು. ಪ್ರಮಾಣ ಮಾತ್ರ 125ರಲ್ಲೇ ಇತ್ತು. ಎಂಟು ವಾರದ ಮೇಲೆ ಆಕೆ ಬಂದಾಗ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಟಿಎಸ್‌ಎಚ್ 0.1ಕ್ಕೆ ಇಳಿದಿತ್ತು. 100ಕ್ಕೆ ತಗ್ಗಿಸಿದ ಮೇಲೆ, ಮುಂದಿನ ಪರೀಕ್ಷೆಯಲ್ಲಿ 2.4 ಬಂತು. ಮೊದಲ ದಿನವೇ ಹೇಳಬೇಕಿದ್ದ ಕಾರಣವನ್ನು ತಡವಾಗಿ ಹೇಳುವುದಾದರೆ ಪ್ರಮಾಣವನ್ನೂ ಮತ್ತೆ ಅಳೆದು ನೋಡಬೇಕು ಎಂಬುದನ್ನು ನಾನು ಕಲಿತದ್ದು ಆಕೆಯ ಎದೆಬಡಿತದ ಖರ್ಚಿನಲ್ಲಿ.

ಇಂಥ ತಪ್ಪು ವರ್ಷಗಟ್ಟಲೆ ಬಯಲಾಗದೆ ಉಳಿಯುವುದಕ್ಕೂ ಒಂದು ಕಾರಣವಿದೆ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಬಹಳ ಮಂದಿಗೆ ಅಂದೇ ಉರಿ ಬರುತ್ತದೆ. ಹೊಟ್ಟೆಯೇ ಪಾಠ ಹೇಳುತ್ತದೆ. ಥೈರಾಕ್ಸಿನ್ ಹಾಗಲ್ಲ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು. ಇವತ್ತಿನ ಕಾಫಿಯ ತಪ್ಪನ್ನು ಇವತ್ತಿನ ಮೈ ಹೇಳುವುದಿಲ್ಲ. ಮೈ ಹೇಳದ ಕಡೆ ನಾವೇ ಹೇಳಬೇಕು, ಆದರೆ ನಾವು ಹೆಚ್ಚು ಮಾತಾಡುವುದು ನೋವಿನ ಮಾತ್ರೆಯ ಬಗ್ಗೆಯೇ.

ಒಂದೇ ಚೌಕದೊಳಗೆ ಒಂದಕ್ಕೊಂದು ತದ್ವಿರುದ್ಧವಾದ ಕಾರಣಗಳನ್ನು ತುಂಬಿಟ್ಟಿದ್ದೇವೆ ಎಂಬುದು ಈ ಪದ್ಧತಿಯ ಮೇಲಿನ ನನ್ನ ದೊಡ್ಡ ತಕರಾರು. ಥೈರಾಕ್ಸಿನ್ ಆಹಾರಕ್ಕೆ ಮೊದಲು, ಯಾಕೆಂದರೆ ಆಹಾರ ಅದಕ್ಕೆ ಅಡ್ಡಿ. ಅಸಿಡಿಟಿಯ ಪ್ಯಾಂಟೊಪ್ರಜೋಲ್ ಕೂಡ ಆಹಾರಕ್ಕೆ ಮೊದಲು, ಆದರೆ ಅದು ಆಹಾರಕ್ಕಾಗಿ ಕಾಯುತ್ತದೆ. ತಿಂಡಿ ಬಂದಾಗ ಹೊಟ್ಟೆಯ ಗೋಡೆಯಲ್ಲಿ ಆಮ್ಲ ಸುರಿಸುವ ಪಂಪುಗಳು ಎಚ್ಚರವಾಗುತ್ತವೆ. ಎಚ್ಚರವಾದ ಪಂಪನ್ನಷ್ಟೇ ಈ ಔಷಧ ಬಂದ್ ಮಾಡಬಲ್ಲದು. ಅರ್ಧ ಗಂಟೆ ಮುಂಚೆ ನುಂಗಿ ಹನ್ನೊಂದರವರೆಗೆ ಏನೂ ತಿನ್ನದೆ ಕೂತರೆ ಅದರ ಕೆಲಸ ಅರೆಬರೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಸಹ ಇದೇ ಚೌಕದಲ್ಲಿದೆ. ಅದು ಇನ್ಸುಲಿನ್ ಹೊರಡಿಸುವ ಮಾತ್ರೆ, ಹಿಂದೆಯೇ ತಿಂಡಿ ಬರಲೇಬೇಕು. ಏಕಾದಶಿ ಉಪವಾಸದ ದಿನ 'ಊಟಕ್ಕೆ ಮೊದಲಿನ ಮಾತ್ರೆ ಅಲ್ವಾ, ಊಟ ಇಲ್ಲದಿದ್ರೂ ತಗೋಬಹುದು' ಎಂದು ನುಂಗಿ, ಮೈಯೆಲ್ಲ ಬೆವರಿ, ಮಾತು ತೊದಲಿ, ಮಕ್ಕಳು ಎತ್ತಿಕೊಂಡು ಬಂದ ಹಿರಿಯರಿದ್ದಾರೆ. ಅವರು ಚೀಟಿಯನ್ನು ಮೀರಿರಲಿಲ್ಲ, ಅಕ್ಷರಶಃ ಪಾಲಿಸಿದ್ದರು.

ಸುಶ್ರುತ ಸಂಹಿತೆ ಔಷಧ ಸೇವನೆಗೆ ಹತ್ತು ಕಾಲಗಳನ್ನು ಹೇಳುತ್ತದೆ. ಅದರಲ್ಲಿ ಬರಿ ಹೊಟ್ಟೆಗೆ ಕೊಡುವುದು 'ಅಭಕ್ತ', ಊಟಕ್ಕೆ ತುಸು ಮುಂಚೆ ಕೊಡುವುದು 'ಪ್ರಾಗ್ಭಕ್ತ'. ಎರಡೂ ಬೇರೆ ಬೇರೆ. ಆ ಔಷಧಗಳ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ. ಅವರು ಬೇರ್ಪಡಿಸಿಟ್ಟದ್ದನ್ನು ನಮ್ಮ ಕವರು ಒಂದೇ ಗೀಟಿನಲ್ಲಿ ಕಲಸಿಬಿಟ್ಟಿತಲ್ಲ ಎಂಬುದಷ್ಟೇ ನನ್ನ ಬೇಸರ.

'ಮಲಗುವಾಗ' ಎಂಬ ಸೂಚನೆಯಲ್ಲಿ ಇನ್ನೊಂದು ಬಗೆಯ ತಪ್ಪಿದೆ. ಅಲ್ಲಿ ಕಾರಣವಿದೆ, ಆದರೆ ಹಳೆಯದು. ಕೊಲೆಸ್ಟ್ರಾಲಿನ ಸಿಮ್ವಸ್ಟ್ಯಾಟಿನ್ ಬೇಗ ಇಳಿದುಹೋಗುತ್ತದೆ, ಯಕೃತ್ತು ಕೊಲೆಸ್ಟ್ರಾಲ್ ಹೆಚ್ಚು ತಯಾರಿಸುವುದು ರಾತ್ರಿ. ಆದ್ದರಿಂದ ಅದು ರಾತ್ರಿಗೆ ಸರಿ. ಈಗ ಹೆಚ್ಚಾಗಿ ಬರೆಯುವ ಅಟೋರ್ವಸ್ಟ್ಯಾಟಿನ್ ಬಹಳ ಹೊತ್ತು ನಿಲ್ಲುತ್ತದೆ, ಯಾವ ಹೊತ್ತಿಗಾದರೂ ನಡೆಯುತ್ತದೆ. ಆದರೂ ಟಿವಿ ಮುಂದೆ ನಿದ್ದೆ ಹೋಗಿ ವಾರಕ್ಕೆ ಮೂರು ದಿನ ಮಾತ್ರೆ ಮರೆಯುವವರಿಗೆ ಬೆಳಿಗ್ಗೆ ತಗೊಳ್ಳಿ ಎಂದು ಹೇಳುವವರು ಕಡಿಮೆ.

ಹೊತ್ತಿಲ್ಲ ಎಂಬುದು ನಮ್ಮ ನೆಪ. ಔಷಧ ಕೊಡುವಾಗ ರೋಗಿಗೆ ತಿಳಿಸಿ ಹೇಳುವುದನ್ನು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಫಾರ್ಮಸಿಸ್ಟರ ಕರ್ತವ್ಯವೆಂದೇ ಹೇಳುತ್ತವೆ. ಸಂಜೆ ಏಳಕ್ಕೆ ಕೌಂಟರಿನ ಮುಂದೆ ಹತ್ತು ಕೈ ಚಾಚಿರುವಾಗ ಅದು ಎಷ್ಟು ಕಷ್ಟ ಎಂದು ನನಗೂ ಗೊತ್ತು. ಆದರೆ ಉಪನ್ಯಾಸ ಯಾರೂ ಕೇಳುತ್ತಿಲ್ಲ. ಥೈರಾಯ್ಡಿನ ಕವರಿಗೆ 'ಎದ್ದ ಕೂಡಲೇ, ಬರೀ ನೀರಲ್ಲಿ. ಕಾಫಿ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ಮಧ್ಯಾಹ್ನ' ಎಂಬಷ್ಟು ಸಾಕು. ಸಕ್ಕರೆ ಮಾತ್ರೆಯದಕ್ಕೆ 'ತಿಂಡಿ ಇಲ್ಲದ ದಿನ ಬೇಡ, ಡಾಕ್ಟರನ್ನು ಕೇಳಿ'.

ಕಾರಣ ಗೊತ್ತಿದ್ದರೆ ರೋಗಿಯೇ ದಾರಿ ಹುಡುಕಿಕೊಳ್ಳುತ್ತಾರೆ. ಇತ್ತೀಚೆಗೆ ಒಬ್ಬ ಹಾಲು ಮಾರುವ ಹೆಂಗಸು, ಬೆಳಿಗ್ಗೆ ನಾಲ್ಕಕ್ಕೆ ಕಾಫಿ ಕುಡಿಯದೆ ಕೊಟ್ಟಿಗೆಗೆ ಇಳಿಯಲು ಆಗುವುದೇ ಇಲ್ಲ, ಹೊಟ್ಟೆ ಖಾಲಿ ಇರಬೇಕು ಅಷ್ಟೇ ತಾನೇ, ಥೈರಾಯ್ಡ್ ಮಾತ್ರೆ ರಾತ್ರಿ ತಗೊಂಡರೆ ಹೇಗೆ ಎಂದು ಕೇಳಿದಳು. ಆಗಬಹುದು, ಆದರೆ ರಾತ್ರಿಯೂಟ ಆಗಿ ಮೂರು ಗಂಟೆ ಕಳೆದಿರಬೇಕು ಎಂದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. 'ಆರೂವರೆಗೆ ಮುದ್ದೆ ಉಂಡುಬಿಡ್ತೀವಿ ಸಾ, ಮಲಗೋದು ಒಂಬತ್ತೂವರೆಗೆ. ಆಯ್ತದೆ ಬುಡಿ.'