ಐದು ಸುತ್ತಿನ ಬಹುಮತ: ಕೊಂಕಣಿ ಅನುವಾದದ ಯಂತ್ರಮೌಲ್ಯಮಾಪನ ಕುರಿತು

ಕನ್ನಡದಿಂದ ಕೊಂಕಣಿಗೆ ಯಂತ್ರವು ಮಾಡಿದ ಅನುವಾದವನ್ನು ಅಳೆಯಲು ಇನ್ನೊಂದು ಭಾಷಾ ಮಾದರಿಯನ್ನೇ ತೀರ್ಪುಗಾರನನ್ನಾಗಿ ಕೂರಿಸುವ ಪದ್ಧತಿ ಈಚೆಗೆ ರೂಢಿಗೆ ಬಂದಿದೆ. ಕೊಂಕಣಿಯನ್ನು ಓದಿ ಅಂಕ ಕೊಡಬಲ್ಲ ಪರಿಣತರು ವಿರಳ. ಯಂತ್ರವಾದರೋ ಸಾವಿರ ವಾಕ್ಯಗಳನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಆದರೆ ಅದೇ ವಾಕ್ಯಕ್ಕೆ ಅದು ಒಮ್ಮೆ ‘ಸರಿ’ ಎಂದು, ಮತ್ತೊಮ್ಮೆ ‘ತಪ್ಪು’ ಎಂದು ಹೇಳುವುದುಂಟು. ಇದಕ್ಕೆ ಪರಿಹಾರವಾಗಿ ಒಂದೇ ಮೌಲ್ಯಮಾಪನವನ್ನು ಐದು ಸಲ ನಡೆಸಿ, ಬಹುಮತದ ತೀರ್ಪನ್ನು ಸ್ವೀಕರಿಸಿ, ಸುತ್ತುಗಳ ನಡುವಣ ಸಹಮತದ ಪ್ರಮಾಣವನ್ನು ವಿಶ್ವಾಸಾರ್ಹತೆಯ ಸಾಕ್ಷ್ಯವೆಂದು ವರದಿ ಮಾಡಲಾಗುತ್ತದೆ. ಈ ಸಾಕ್ಷ್ಯ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಪರಿಶೀಲನಾರ್ಹ.

ಬಹುಮತದ ಬಲವನ್ನು 1785ರಲ್ಲಿಯೇ ಫ್ರಾನ್ಸಿನ ಕಾಂಡೋರ್ಸೆ ಗಣಿತದಿಂದ ತೋರಿಸಿದ್ದನು. ಒಂದು ವಾಕ್ಯದ ವಿಷಯದಲ್ಲಿ ತೀರ್ಪುಗಾರನು ಪ್ರತಿ ಸುತ್ತಿನಲ್ಲಿ ಸರಿಯಾಗಿ ಹೇಳುವ ಸಂಭವ ಶೇ. 70 ಇದ್ದರೆ, ಐದು ಸ್ವತಂತ್ರ ಸುತ್ತುಗಳ ಬಹುಮತ ಸರಿಯಾಗುವ ಸಂಭವ ಸುಮಾರು ಶೇ. 84ಕ್ಕೆ ಏರುತ್ತದೆ. ಈ ಲೆಕ್ಕದ ಇನ್ನೊಂದು ಮುಖವನ್ನು ವರದಿಗಳು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಸಂಭವ ಶೇ. 40 ಮಾತ್ರ ಇದ್ದರೆ ಬಹುಮತವು ಸರಿಯಾಗುವ ಸಂಭವ ಶೇ. 32ಕ್ಕೆ ಕುಸಿಯುತ್ತದೆ. ಅಂದರೆ ಬಹುಮತವು ತೀರ್ಪುಗಾರನ ಚಂಚಲತೆಯನ್ನು ಕಳೆಯುತ್ತದೆಯೇ ಹೊರತು ಅವನ ಒಲವನ್ನು ತಿದ್ದುವುದಿಲ್ಲ. ಒಲವು ತಪ್ಪಿನ ಕಡೆಗಿದ್ದರೆ ಅದನ್ನು ಇನ್ನಷ್ಟು ಗಟ್ಟಿಮಾಡುತ್ತದೆ.

ಗೋವಾದ ಭಾಷಾಸ್ಥಿತಿಯಲ್ಲಿ ಇದು ಬರಿಯ ಊಹೆಯಲ್ಲ. 1987ರ ರಾಜಭಾಷಾ ಕಾಯಿದೆಯು ಕೊಂಕಣಿಯನ್ನು ದೇವನಾಗರಿ ಲಿಪಿಯೊಡನೆ ಗುರುತಿಸಿತು. ಅದೇ ಲಿಪಿಯಲ್ಲಿ ಮರಾಠಿಯ ಪಠ್ಯವು ಅಂತರಜಾಲದಲ್ಲಿ ಹಲವು ಪಟ್ಟು ಹೆಚ್ಚಾಗಿದೆ. ಎರಡು ಭಾಷೆಗಳ ಶಬ್ದಸಂಪತ್ತೂ ಬಹುಪಾಲು ಹೊಂದುತ್ತದೆ. ‘ನಾನು ಮನೆಗೆ ಹೋಗುತ್ತೇನೆ’ ಎಂಬುದಕ್ಕೆ ಕೊಂಕಣಿಯಲ್ಲಿ ‘ಹಾಂವ್ ಘರಾ ವತಾಂ’ ಎನ್ನಬೇಕು. ಅನುವಾದಕ ಯಂತ್ರವು ‘ಮೀ ಘರೀ ಜಾತೋ’ ಎಂದು ಕೊಟ್ಟಿತೆನ್ನಿ. ಅರ್ಥ ಉಳಿದಿದೆ, ವ್ಯಾಕರಣ ನಿರ್ದುಷ್ಟವಾಗಿದೆ, ಆದರೆ ಭಾಷೆ ಮರಾಠಿ. ಮರಾಠಿಯನ್ನೇ ಹೆಚ್ಚು ಓದಿ ಬೆಳೆದ ತೀರ್ಪುಗಾರ ಮಾದರಿಯು ಇಂಥ ವಾಕ್ಯಕ್ಕೆ ಹತ್ತರಲ್ಲಿ ಒಂಬತ್ತು ಸಲ ‘ಸರಿ’ ಎನ್ನುವುದಾದರೆ, ಐದೂ ಸುತ್ತುಗಳಲ್ಲಿ ಒಂದೇ ತಪ್ಪು ತೀರ್ಪು ಬರುವ ಸಂಭವ ಶೇ. 59. ವರದಿಯಲ್ಲಿ ಅದು ‘ಪೂರ್ಣ ಸಹಮತ’ ಎಂದು ದಾಖಲಾಗುತ್ತದೆ. ಅದೇ ವೇಳೆ, ಕೊಂಕಣಿಯದೇ ಆದ, ಆದರೆ ಮಾದರಿಗೆ ಅಪರಿಚಿತವಾದ ಪ್ರಯೋಗವು ಮೂರು–ಎರಡರ ಒಡಕು ತೀರ್ಪು ಪಡೆದು ಸಂದೇಹದ ಪಟ್ಟಿಗೆ ಸೇರಬಹುದು. ಸಹಮತವನ್ನು ಗುಣವೆಂದು ಓದುವವನು ಇಲ್ಲಿ ಮರಾಠಿಯನ್ನು ಉಳಿಸಿಕೊಂಡು ಕೊಂಕಣಿಯನ್ನು ಕೈಬಿಡುತ್ತಾನೆ.

ಸಹಮತದ ಪ್ರಮಾಣವನ್ನು ಹೊರಗಿನಿಂದ ಏರಿಸಿ ಇಳಿಸಲೂ ಸಾಧ್ಯ. ಮಾದರಿಯ ‘ಟೆಂಪರೇಚರ್’ ಎಂಬ ನಿಯಂತ್ರಕವನ್ನು ಸೊನ್ನೆಗೆ ಇಳಿಸಿದರೆ ಅದು ಪ್ರತಿ ಸಲವೂ ಬಹುತೇಕ ಒಂದೇ ಉತ್ತರವನ್ನು ಕೊಡುತ್ತದೆ; ಸಹಮತ ಶೇ. 100ರ ಹತ್ತಿರಕ್ಕೆ ಬರುತ್ತದೆ, ತೀರ್ಪುಗಾರನ ಕೊಂಕಣಿ ಜ್ಞಾನ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ನಿಯಂತ್ರಕದ ಮಟ್ಟವನ್ನು ತಿಳಿಸದ ಸಹಮತದ ಅಂಕಿಗೆ ಅರ್ಥವಿಲ್ಲ. ಒಬ್ಬನೇ ವ್ಯಕ್ತಿಯನ್ನು ಐದು ಸಲ ಕೇಳುವುದು ಐವರನ್ನು ಕೇಳಿದಂತಾಗದು.

ಹಾಗೆಂದು ಪುನರಾವರ್ತನೆ ನಿಷ್ಪ್ರಯೋಜಕವಲ್ಲ. ಒಡಕು ತೀರ್ಪು ಬಂದ ವಾಕ್ಯಗಳಲ್ಲಿ ಒಂದು ಸುತ್ತಿನ ಫಲಿತಾಂಶವನ್ನು ನಂಬಲಾಗದೆಂಬುದು ನಿಶ್ಚಿತ. ಅವನ್ನು ಪರಿಣತರಿಗೆ ಕಳುಹಿಸುವುದು ಯುಕ್ತ. ದೋಷವಿರುವುದು ಒಡಕಿಲ್ಲದ ವಾಕ್ಯಗಳನ್ನು ಪರೀಕ್ಷೆಯಿಂದ ಬಿಡುಗಡೆ ಮಾಡುವಲ್ಲಿ. ಸರ್ವಾನುಮತದ ರಾಶಿಯಿಂದಲೂ ಕೆಲವನ್ನು ಯಾದೃಚ್ಛಿಕವಾಗಿ ಆಯ್ದು ಕೊಂಕಣಿ ಬಲ್ಲವರಿಗೆ ತೋರಿಸಬೇಕು. ಅದರೊಳಗೆ ಉದ್ದೇಶಪೂರ್ವಕವಾಗಿ ಶುದ್ಧ ಮರಾಠಿ ವಾಕ್ಯಗಳನ್ನು ಬೆರೆಸಿಟ್ಟು, ತೀರ್ಪುಗಾರನು ಎಷ್ಟನ್ನು ಹಿಡಿಯುತ್ತಾನೆಂದು ಎಣಿಸಬೇಕು. ಐವತ್ತು ಮರಾಠಿ ವಾಕ್ಯಗಳಲ್ಲಿ ನಲವತ್ತನ್ನು ಅವನು ಐದಕ್ಕೈದು ಮತಗಳಿಂದ ಅಂಗೀಕರಿಸಿದರೆ, ಸುತ್ತುಗಳನ್ನು ಐದರಿಂದ ಇಪ್ಪತ್ತೈದಕ್ಕೆ ಹೆಚ್ಚಿಸಿದರೂ ಆ ದೋಷ ಹೋಗದು. ಆಗ ಬದಲಾಗಬೇಕಾದುದು ತೀರ್ಪುಗಾರ, ಇಲ್ಲವೇ ಅವನಿಗೆ ಕೇಳುವ ಪ್ರಶ್ನೆ: ‘ಅನುವಾದ ಸರಿಯೇ?’ ಎಂಬುದಕ್ಕೆ ಮೊದಲು ‘ಇದು ಯಾವ ಭಾಷೆ?’ ಎಂದು ಪ್ರತ್ಯೇಕವಾಗಿ ಕೇಳಬೇಕು.

ಸುತ್ತುಗಳ ಸಹಮತವು ಅಳತೆಗೋಲು ಅಲುಗಾಡುತ್ತಿಲ್ಲವೆಂಬುದನ್ನಷ್ಟೇ ಹೇಳುತ್ತದೆ. ಆ ಕೋಲಿನ ಮೇಲೆ ಗುರುತು ಹಾಕಿದ್ದು ಯಾವ ಭಾಷೆಯ ಮೊಳದಿಂದ ಎಂಬುದನ್ನು ಕೊಂಕಣಿಯನ್ನು ಆಡುವವರೇ ಹೇಳಬೇಕು.