ಲಾಭ ಯಾವ ರೂಪದಲ್ಲಿದೆ?

ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳ ಕೈಗೆ ಬ್ಯಾಲೆನ್ಸ್ ಶೀಟ್ ಕೊಟ್ಟರೆ ಹೆಚ್ಚಿನವರು ಮೊದಲು ನೋಡುವುದು ಎರಡೂ ಕಡೆಯ ಮೊತ್ತ ತಾಳೆಯಾಗಿದೆಯೇ ಎಂದು. ಆಮೇಲೆ ಅನುಪಾತಗಳ ಲೆಕ್ಕಕ್ಕೆ ಕೂರುತ್ತಾರೆ. ತಾಳೆಯಾಗುವುದು ಲೆಕ್ಕ ಬರೆಯುವ ಪದ್ಧತಿಯಲ್ಲೇ ಇದೆ. ಅದರಿಂದ ವ್ಯಾಪಾರದ ಆರೋಗ್ಯ ತಿಳಿಯುವುದಿಲ್ಲ. ಕೇಳಬೇಕಾದದ್ದು ಬೇರೆ ಪ್ರಶ್ನೆ: ಈ ವರ್ಷ ಬಂತೆನ್ನುವ ಲಾಭ ಈಗ ಯಾವ ರೂಪದಲ್ಲಿದೆ?

ದಾವಣಗೆರೆಯಲ್ಲಿ ಕಾಲೇಜೊಂದರ ಎದುರು ಬಾಡಿಗೆ ಮಳಿಗೆಯಲ್ಲಿ ಒಂದು ಸ್ಟೇಷನರಿ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಏಪ್ರಿಲ್ 1ರಂದು ಮಾಲೀಕರು ತಮ್ಮ 3 ಲಕ್ಷ ರೂಪಾಯಿ ಹಾಕಿ, ಬ್ಯಾಂಕಿನಿಂದ 2 ಲಕ್ಷ ಸಾಲ ತಂದರು. ಇದು ಹಣ ಬಂದ ದಾರಿ: ಬಂಡವಾಳ ಮತ್ತು ಹೊಣೆ. ಆ 5 ಲಕ್ಷದಲ್ಲಿ ಜೆರಾಕ್ಸ್ ಯಂತ್ರ, ರ‍್ಯಾಕುಗಳಿಗೆ 1.5 ಲಕ್ಷ ಹೋಯಿತು, ಪುಸ್ತಕ-ಪೆನ್ನುಗಳ ದಾಸ್ತಾನಿಗೆ 2.5 ಲಕ್ಷ ಹೋಯಿತು, 1 ಲಕ್ಷ ನಗದು ಉಳಿಯಿತು. ಇದು ಹಣ ಕೂತ ಜಾಗ: ಆಸ್ತಿ.

ಮುಂದಿನ ಮಾರ್ಚ್ 31ಕ್ಕೆ, ಮಾಲೀಕರ ಸಂಬಳವನ್ನೂ ಖರ್ಚಿಗೆ ಹಿಡಿದ ಮೇಲೆ, 1 ಲಕ್ಷ ಲಾಭ. ಬಂಡವಾಳ 4 ಲಕ್ಷವಾಯಿತು. ಬ್ಯಾಂಕ್ ಸಾಲ 1.6 ಲಕ್ಷಕ್ಕೆ ಇಳಿಯಿತು. ಸಗಟು ವ್ಯಾಪಾರಿಗಳಿಗೆ 1 ಲಕ್ಷ ಕೊಡುವುದು ಬಾಕಿ. ಒಟ್ಟು 6.6 ಲಕ್ಷ. ಆಸ್ತಿಯ ಕಡೆ: ಸವಕಳಿ ಕಳೆದು ಯಂತ್ರ ಮತ್ತು ರ‍್ಯಾಕು 1.35 ಲಕ್ಷ, ದಾಸ್ತಾನು 3.6 ಲಕ್ಷ, ಗಿರಾಕಿಗಳಿಂದ ಬರಬೇಕಾದ ಉದ್ರಿ 1.5 ಲಕ್ಷ, ನಗದು ಬರೀ 15 ಸಾವಿರ. ಇಲ್ಲೂ 6.6 ಲಕ್ಷ.

ಲಕ್ಷ ರೂಪಾಯಿ ಲಾಭ ಬಂದ ವರ್ಷದಲ್ಲಿ ಗಲ್ಲಾಪೆಟ್ಟಿಗೆಯಿಂದ 85 ಸಾವಿರ ಕರಗಿದ್ದು ಹೇಗೆ? ಎರಡೂ ದಿನಾಂಕಗಳ ಬ್ಯಾಲೆನ್ಸ್ ಶೀಟನ್ನು ಅಕ್ಕಪಕ್ಕ ಇಟ್ಟರೆ ಉತ್ತರ ಅಲ್ಲೇ ಇದೆ. ಲಾಭ 1 ಲಕ್ಷ. ಕೈಯಿಂದ ಹಣ ಹೋಗದೆ ಪುಸ್ತಕದಲ್ಲಷ್ಟೇ ಕಳೆದ ಸವಕಳಿ 15 ಸಾವಿರ. ಸಗಟು ವ್ಯಾಪಾರಿಗಳು ಕೊಟ್ಟ ಕಡ 1 ಲಕ್ಷ. ಹೀಗೆ ಒದಗಿದ್ದು 2.15 ಲಕ್ಷ. ದಾಸ್ತಾನು ಹೆಚ್ಚಿದ್ದಕ್ಕೆ 1.1 ಲಕ್ಷ, ಉದ್ರಿಗೆ 1.5 ಲಕ್ಷ, ಬ್ಯಾಂಕಿಗೆ ಕಟ್ಟಿದ ಅಸಲು 40 ಸಾವಿರ. ಹೀಗೆ ಹೋದದ್ದು 3 ಲಕ್ಷ. ಕೊರತೆ ಬಿದ್ದ 85 ಸಾವಿರ ನಗದಿನಿಂದ ಹೋಯಿತು. ಅಂದರೆ ಲಾಭ ಹಣವಾಗಿ ಇಲ್ಲ. ರ‍್ಯಾಕಿನ ಮೇಲೂ ಉದ್ರಿ ಪುಸ್ತಕದಲ್ಲೂ ಕೂತಿದೆ.

ಈಗ ವಿದ್ಯಾರ್ಥಿಗಳು ಚಾಲ್ತಿ ಅನುಪಾತ ತೆಗೆಯುತ್ತಾರೆ. ವರ್ಷದೊಳಗೆ ಹಣವಾಗಬೇಕಾದ ಆಸ್ತಿ 5.25 ಲಕ್ಷ. ವರ್ಷದೊಳಗೆ ತೀರಿಸಬೇಕಾದದ್ದು ಸಗಟು ಬಾಕಿ 1 ಲಕ್ಷ, ಬ್ಯಾಂಕಿನ ಮುಂದಿನ ಕಂತುಗಳ ಅಸಲು 40 ಸಾವಿರ. ಅನುಪಾತ 3.75. ಎರಡಿದ್ದರೆ ಸಾಕು ಎಂದು ಪಠ್ಯಪುಸ್ತಕ ಹೇಳುವಾಗ ಇದು ಬಲು ಭದ್ರವಾಗಿ ಕಾಣುತ್ತದೆ.

ರ‍್ಯಾಕಿನ ಹತ್ತಿರ ಹೋಗಿ ನೋಡೋಣ. ದಾಸ್ತಾನಿನಲ್ಲಿ 60 ಸಾವಿರದಷ್ಟು ಹಳೆಯ ಸಿಲಬಸ್ಸಿನ ಗೈಡುಗಳಿವೆ. ಸಿಲಬಸ್ ಬದಲಾಗಿದೆ, ರದ್ದಿಗೆ ಹಾಕಿದರೆ 5 ಸಾವಿರ ಸಿಕ್ಕೀತು. ಕೊಂಡ ಬೆಲೆ, ಮಾರಿದರೆ ಕೈಗೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದನ್ನೇ ದಾಸ್ತಾನಿಗೆ ಹಾಕಬೇಕೆಂಬುದು ನಿಯಮ. ಅಲ್ಲಿಗೆ 55 ಸಾವಿರ ಕಳೆಯಬೇಕು. ಉದ್ರಿಯಲ್ಲಿ 90 ಸಾವಿರ ಒಂದೇ ಟ್ಯುಟೋರಿಯಲ್ಲಿನದು; ಅದು ಬಾಗಿಲು ಹಾಕಿ ಆರು ತಿಂಗಳು ದಾಟಿದೆ. ಅರ್ಧ ಬಂದೀತು ಎಂದು ಹಿಡಿದರೂ 45 ಸಾವಿರ ಹೋಯಿತು. ಎರಡೂ ಸೇರಿ 1 ಲಕ್ಷ. ಇಡೀ ವರ್ಷದ ಲಾಭ ಅಲ್ಲಿಗೆ ಸೊನ್ನೆ, ಬಂಡವಾಳ ಮತ್ತೆ 3 ಲಕ್ಷ. ಇಷ್ಟಾದರೂ ಚಾಲ್ತಿ ಅನುಪಾತ 3ರ ಮೇಲೇ ಇರುತ್ತದೆ! ಅನುಪಾತ ಮೊತ್ತವನ್ನು ಅಳೆಯುತ್ತದೆಯೇ ಹೊರತು ಮಾಲು ಮಾರಾಟವಾಗುತ್ತದೆಯೇ, ಬಾಕಿ ವಸೂಲಾಗುತ್ತದೆಯೇ ಎಂಬುದನ್ನಲ್ಲ.

ದೊಡ್ಡ ಕಂಪನಿಯಲ್ಲಿ ರ‍್ಯಾಕಿನ ಹತ್ತಿರ ಹೋಗಲು ನಮಗೆ ಆಗುವುದಿಲ್ಲ. ಅಲ್ಲಿ ದಾರಿ ತೋರಿಸುವುದು ಕೊನೆಯ ಪುಟಗಳ ಟಿಪ್ಪಣಿಗಳು. 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ, ಗಿರಾಕಿಗಳ ಬಾಕಿ ಆರು ತಿಂಗಳೊಳಗಿನದೆಷ್ಟು, ಒಂದು ವರ್ಷದೊಳಗಿನದೆಷ್ಟು, ಮೂರು ವರ್ಷ ದಾಟಿದ್ದೆಷ್ಟು ಎಂದು ವಯಸ್ಸಿನ ಪ್ರಕಾರ ತೋರಿಸಬೇಕು. ಮಾರಾಟಕ್ಕಿಂತ ದಾಸ್ತಾನೂ ಬಾಕಿಯೂ ವೇಗವಾಗಿ ಬೆಳೆದಿದ್ದರೆ, ಆ ಬಾಕಿಗೆ ವಯಸ್ಸಾಗುತ್ತಿದ್ದರೆ, ಲಾಭದ ಅಂಕಿಯನ್ನು ಅಷ್ಟು ಸುಲಭವಾಗಿ ನಂಬಬೇಡಿ. ಮೊದಲು ಟಿಪ್ಪಣಿ ಓದಿ, ಅನುಪಾತದ ಲೆಕ್ಕ ಆಮೇಲೆ ಹಾಕಿ.