‘ರೆಸ್ಯೂಮ್ ಸರ್’ ಎಂದಷ್ಟೇ ಬಂದಾಗ

ಕ್ಯಾಂಪಸ್ ನೇಮಕಾತಿಯ ದಿನಗಳು ಹತ್ತಿರವಾದಂತೆ ಪದವಿ ಕಾಲೇಜಿನ ಪ್ಲೇಸ್‌ಮೆಂಟ್ ಮೇಷ್ಟ್ರ ವಾಟ್ಸ್‌ಆ್ಯಪ್‌ಗೆ ಒಂದೆರಡು ಪದದ ಸಂದೇಶಗಳು ಬರತೊಡಗುತ್ತವೆ. ‘ರೆಸ್ಯೂಮ್ ಸರ್’. ಇಲ್ಲವೇ ಬರೀ ‘ಇಂಟರ್‌ವ್ಯೂ’. ಹೊಸದಾಗಿ ಬರೆಯಬೇಕೋ, ಇದ್ದದ್ದನ್ನು ತಿದ್ದಬೇಕೋ, ನಾಳೆಯೇ ಸಂದರ್ಶನವಿದೆಯೋ, ಒಂದೂ ತಿಳಿಯುವುದಿಲ್ಲ. ‘ಏನು ಬೇಕಮ್ಮಾ?’ ಎಂದು ಕೇಳಿದರೆ ‘ನೀವೇ ಹೇಳಿ ಸರ್’ ಎಂಬ ಉತ್ತರ. ಆಗ ಯಾವುದೋ ಸಿದ್ಧ ಮಾದರಿಯನ್ನು ಕಳಿಸಿ ಸುಮ್ಮನಾಗುವುದು ಸುಲಭ. ಅದರಿಂದ ಉಪಯೋಗ ಮಾತ್ರ ಇಲ್ಲ.

ಗ್ರಂಥಾಲಯಗಳು ಈ ತೊಡಕನ್ನು ಬಹಳ ಹಿಂದೆಯೇ ಗುರುತಿಸಿದ್ದವು. ಓದುಗ ಕೌಂಟರಿಗೆ ತರುವ ಪ್ರಶ್ನೆ ಅವನ ನಿಜವಾದ ಅಗತ್ಯವಲ್ಲ, ಇಲ್ಲಿ ಏನು ಸಿಗಬಹುದೆಂದು ಊಹಿಸಿ ಅದಕ್ಕೆ ಹೊಂದಿಸಿಕೊಂಡದ್ದು ಎಂದು ಅಮೆರಿಕದ ರಾಬರ್ಟ್ ಟೇಲರ್ 1968ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ‘ಇಂಟರ್‌ವ್ಯೂ’ ಎಂದು ಬರೆದವರ ಸ್ಥಿತಿಯೂ ಅದೇ.

ಇಂಥವರ ಮುಂದೆ ನಾಲ್ಕು ಆಯ್ಕೆ ಇಟ್ಟರೆ ಸಾಕು. ಆದರೆ ಅವು ‘ಕವರ್ ಲೆಟರ್’, ‘ಮಾಕ್ ಇಂಟರ್‌ವ್ಯೂ’ ಎಂಬ ಸೇವೆಗಳ ಹೆಸರುಗಳಾಗಬಾರದು. ಆ ಹೆಸರು ಗೊತ್ತಿದ್ದವರು ಅದನ್ನೇ ಕೇಳುತ್ತಿದ್ದರು. ಕೇಳುವವರ ಪರಿಸ್ಥಿತಿಯೇ ಆಯ್ಕೆಯಾಗಬೇಕು: 1. ದಿನಾಂಕ ನಿಗದಿಯಾಗಿದೆ, ತಯಾರಿ ಬೇಕು; 2. ಹೋಗಿ ಬಂದೆ, ಆಯ್ಕೆಯಾಗಲಿಲ್ಲ; 3. ಅರ್ಜಿ ಹಾಕಿದ್ದೇನೆ, ಯಾರೂ ಕರೆದಿಲ್ಲ; 4. ಬೇರೆ ಏನೋ ಇದೆ. ಕೊನೆಯದನ್ನು ಬಿಡಲೇಬಾರದು. ಬಿಟ್ಟರೆ ಮೊದಲ ಮೂರರಲ್ಲಿ ಯಾವುದಕ್ಕೂ ಸೇರದವರು ಯಾವುದೋ ಒಂದು ಸಂಖ್ಯೆ ಒತ್ತಿಬಿಡುತ್ತಾರೆ.

ಬಿಕಾಂ ಮುಗಿಸಿದ ಹುಡುಗಿಯೊಬ್ಬಳು ‘ಇಂಟರ್‌ವ್ಯೂ’ ಎಂದು ಬರೆದಿದ್ದಾಳೆ ಎನ್ನಿ. ಆಯ್ಕೆಗಳನ್ನು ಕಳಿಸಿದಾಗ ಬಂದ ಉತ್ತರ ‘3’. ಅಂದರೆ ಸಂದರ್ಶನದವರೆಗೆ ಅವಳು ತಲುಪಿಯೇ ಇಲ್ಲ, ನೋಡಬೇಕಾದದ್ದು ರೆಸ್ಯೂಮನ್ನು. ತರಿಸಿ ನೋಡಿದರೆ ಮೊದಲ ಸಾಲಿನಲ್ಲೇ ಪ್ರತಿಷ್ಠಿತ ಸಂಸ್ಥೆಯಲ್ಲಿ ದುಡಿಯುವ ‘ಆಬ್ಜೆಕ್ಟಿವ್’, ಕೊನೆಯಲ್ಲಿ ತಂದೆಯ ಹೆಸರು, ಧರ್ಮ, ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ. ನಡುವೆ ಅಂಕಗಳು. ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂಟು ತಿಂಗಳು ಟ್ಯಾಲಿಯಲ್ಲಿ ಖರೀದಿ ಬಿಲ್ ನಮೂದಿಸಿದ್ದು, ಜಿಎಸ್‌ಟಿ ರಿಟರ್ನ್‌ಗೆ ಲೆಕ್ಕ ಜೋಡಿಸಿಕೊಟ್ಟದ್ದು ಎಲ್ಲೂ ಇಲ್ಲ. ಕೇಳಿದರೆ, ‘ಅದು ಮನೆ ಕೆಲ್ಸ ಅಲ್ವಾ ಸರ್?’

ಅವಳು ಅರ್ಜಿ ಹಾಕಿದ್ದ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅದಕ್ಕಿಂತ ಹತ್ತಿರದ ಕೆಲಸ ಬೇರಿಲ್ಲ. ಆಬ್ಜೆಕ್ಟಿವ್ ತೆಗೆದು ಆ ಜಾಗದಲ್ಲಿ ಅಂಗಡಿಯ ಕೆಲಸ, ತಿಂಗಳಿಗೆ ಸುಮಾರು ಎಷ್ಟು ಬಿಲ್ ನಮೂದಿಸಿದಳು, ಯಾವ ತಂತ್ರಾಂಶ ಬಳಸಿದಳು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಬೇಕು. ಧರ್ಮ, ಘೋಷಣೆ ಎರಡೂ ಹೋಗಲಿ. ಬಿಲ್ಲಿನ ಸಂಖ್ಯೆ ಮಾತ್ರ ಅವಳ ಬಾಯಿಂದಲೇ ಬರಬೇಕು. ಸಹಾಯ ಮಾಡುವವರು ಅಂದಾಜಿಗೆ ತುಂಬಿದ ಸಂಖ್ಯೆ ಸಂದರ್ಶನದ ಮೊದಲ ಪ್ರಶ್ನೆಗೇ ಬಯಲಾಗುತ್ತದೆ.

ಆಯ್ಕೆಗಳ ಮಿತಿಯೂ ಇಲ್ಲೇ ಇದೆ. ಅಂಗಡಿಯ ವಿಷಯ ಯಾವ ಆಯ್ಕೆಯಲ್ಲೂ ಇರಲಿಲ್ಲ. ಹೊರಬಂದದ್ದು ಅದರ ನಂತರದ ಮಾತಿನಲ್ಲಿ. ಹಾಗಾಗಿ ಉತ್ತರದ ಸಂಖ್ಯೆ ಬಂದ ಮೇಲೆ ಒಂದು ಫೋನ್ ಮಾಡಲೇಬೇಕು.

ಕೆಲಸ ಹುಡುಕುತ್ತಿರುವವರಲ್ಲಿ ಒಂದು ವಿನಂತಿ. ಸಹಾಯ ಕೇಳುವಾಗ ಹುದ್ದೆಯ ಜಾಹೀರಾತನ್ನೂ ಈಗಿರುವ ರೆಸ್ಯೂಮನ್ನೂ ಜೊತೆಗೇ ಕಳಿಸಿ. ಸಂದರ್ಶನ ನಿಗದಿಯಾಗಿದ್ದರೆ ದಿನಾಂಕವನ್ನೂ ಬರೆಯಿರಿ.